ಸೆರಗಿನ ಹಿಂಬದಿ ತಿರುವಿ ತೋರಿಸಿ



ನಿಮ್ಮಲ್ಲಿ ಕೆಲವರು ಬಾಗಲಕೋಟೆ ಕಡೆಯ ನೇಕಾರರಿಂದ ಇಳಕಲ್ ಸೀರೆ ತರಿಸಿ ಮುಂಬಯಿ, ಪುಣೆಗಳಲ್ಲಿ ಮಾರುತ್ತಿರಬಹುದು. ಫೋಟೋದ ಕೆಳಗೆ ನಾಲ್ಕು ಸಾಲು ಬರೆಯಲು ಕುಳಿತಾಗ ತೊಡಕು ಶುರುವಾಗುತ್ತದೆ. ಪಕ್ಕದಲ್ಲೇ ಇನ್ನೊಬ್ಬರ ಸೀರೆ: ಅದೇ ಹಸಿರು ಒಡಲು, ಅದೇ ಕೆಂಪು ಸೆರಗು, ಬೆಲೆ ಮಾತ್ರ ಕಾಲು ಭಾಗ. "ಅದಕ್ಕೂ ಇದಕ್ಕೂ ಏನು ಫರಕು?" ಎಂದು ಗಿರಾಕಿ ಕೇಳಿಯೇ ಕೇಳುತ್ತಾರೆ.

ಮೊದಲು ಹೊಳೆಯುವ ಸಾಲು, "ನಕಲಿಗೆ ಮೋಸಹೋಗಬೇಡಿ, ನಮ್ಮದೇ ಅಸಲಿ." ಇದನ್ನು ಬರೆಯಬೇಡಿ. ಪವರ್‌ಲೂಮ್ ಸೀರೆಯನ್ನು ಪವರ್‌ಲೂಮ್ ಎಂದೇ ಹೇಳಿ ಮಾರುವವರು ಯಾರಿಗೂ ಮೋಸ ಮಾಡುತ್ತಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಸಾಲನ್ನು ಅವರೂ ಅಕ್ಷರ ಬದಲಿಸದೆ ಬರೆದುಕೊಳ್ಳಬಹುದು! ಇಬ್ಬರೂ ಬರೆಯಬಲ್ಲ ಮಾತಿನಿಂದ ಗಿರಾಕಿಗೆ ಏನೂ ತಿಳಿಯುವುದಿಲ್ಲ. ಕೈಯಲ್ಲಿ ಹಿಡಿದು ನೋಡಬಹುದಾದ ಸಂಗತಿ ಬೇಕು.

ಇಳಕಲ್ ಸೀರೆಯಲ್ಲಿ ಅಂಥದ್ದೊಂದು ಇದೆ, ಅದೇ ಕೊಂಡಿ. ಬಟ್ಟೆಗೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಸಾಮಾನ್ಯ ಸೀರೆಯಲ್ಲಿ ಒಡಲಿನ ಹಾಸೇ ಸೆರಗಿನವರೆಗೂ ಸಾಗುತ್ತದೆ. ಇಳಕಲ್‌ನಲ್ಲಿ ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆಯೇ ರೇಷ್ಮೆ ಹಾಸು. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸಿ, ಆಮೇಲೆ ನೇಯುತ್ತಾರೆ. ಇದರ ಫಲ ಕಣ್ಣಿಗೆ ಕಾಣುತ್ತದೆ. ಹಾಸು ಒಂದೇ ಆಗಿದ್ದರೆ ಹಸಿರು ಎಳೆ ಸೆರಗಿನೊಳಗೂ ಹಾದು, ಕೆಂಪಿನಲ್ಲಿ ಹಸಿರು ಛಾಯೆ ಬೆರೆಯುತ್ತದೆ. ಕೊಂಡಿ ಇದ್ದರೆ ಹಾಸೂ ಕೆಂಪು, ಹೊಕ್ಕೂ ಕೆಂಪು, ಸೆರಗು ಅಚ್ಚ ಕೆಂಪು. ಒಡಲೂ ಸೆರಗೂ ಸೇರುವ ಗೆರೆಯನ್ನು ಹಿಂಬದಿಯಿಂದ ನೋಡಿದರೆ ಕುಣಿಕೆಗಳ ಸಾಲು ಕಾಣುತ್ತದೆ. ಬೇರೆ ತುಂಡನ್ನು ಹೊಲಿದು ಕೂಡಿಸಿದ್ದರೆ ಅಲ್ಲಿ ಹೊಲಿಗೆಯ ದಾರ ಕಾಣುತ್ತದೆ.

ಎರಡನೆಯದು ನೂಲು. ಸೆರಗಿನ ತುದಿಯ ಒಂದು ಎಳೆ ಕಿತ್ತು ಸುಟ್ಟರೆ, ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಹತ್ತಿಯೂ ರೇಯಾನೂ ಎರಡೂ ಕಾಗದದ ಹಾಗೆ ಉರಿಯುವುದರಿಂದ ಅವೆರಡರ ನಡುವಣ ಭೇದ ಈ ಪರೀಕ್ಷೆಗೆ ಸಿಗದು. ಕೈಮಗ್ಗದ ಇಳಕಲ್ ಸೀರೆಯ ಅಂಚಿನಲ್ಲೂ ಎಷ್ಟೋ ಸಲ ಕೃತಕ ರೇಷ್ಮೆ ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಅದನ್ನೂ ಬರೆಯಿರಿ.

ಇನ್ನು ಅಂಚಿನ ಸಣ್ಣ ಮೊಳೆತೂತುಗಳನ್ನು ತೋರಿಸಿ "ಕೈಮಗ್ಗಕ್ಕೆ ಇದೇ ಸಾಕ್ಷಿ" ಎನ್ನುವವರಿದ್ದಾರೆ. ಬಟ್ಟೆಯನ್ನು ಅಗಲಕ್ಕೆ ಬಿಗಿಹಿಡಿಯುವ ಮೊಳೆಗಳು ಪವರ್‌ಲೂಮ್‌ನಲ್ಲೂ ಇರುತ್ತವೆ. ಹಾಗಾಗಿ ಆ ಸಾಕ್ಷಿ ನಿಲ್ಲುವುದಿಲ್ಲ. ಅದರ ಬದಲು 2006ರಲ್ಲಿ ಆರಂಭವಾದ ಕೈಮಗ್ಗ ಗುರುತು, ಅಂದರೆ 'ಹ್ಯಾಂಡ್‌ಲೂಮ್ ಮಾರ್ಕ್' ಚೀಟಿ, ನಿಮ್ಮ ಸೀರೆಯ ಮೇಲಿದ್ದರೆ ಅದರ ಫೋಟೋ ಹಾಕಿ.

ಇಷ್ಟನ್ನೂ ಸೇರಿಸಿ ವಿವರಣೆ ಹೀಗಿರಬಹುದು:

"ಒಡಲು ಹತ್ತಿ, ಸೆರಗು ರೇಷ್ಮೆ, ಅಂಚಿನಲ್ಲಿ ಕೃತಕ ರೇಷ್ಮೆ. ಕೈಮಗ್ಗದ ನೇಯ್ಗೆ. ಸೆರಗನ್ನು ಬೇರೆ ಹಾಸಿನಲ್ಲಿ ಕೊಂಡಿ ಹಾಕಿ ಜೋಡಿಸಲಾಗಿದೆ. ಹಿಂಬದಿಯ ಫೋಟೋ ನೋಡಿ. ಇದೇ ವಿನ್ಯಾಸದ ಪವರ್‌ಲೂಮ್ ಸೀರೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ದಿನಬಳಕೆಗೆ, ಮಷೀನಿನಲ್ಲಿ ಒಗೆಯಲು ಪಾಲಿಯೆಸ್ಟರ್ ಸೀರೆ ಅನುಕೂಲ. ಇದನ್ನು ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆಯಬೇಕು. ಯಾವುದೇ ಇಳಕಲ್ ಸೀರೆ ಕೊಳ್ಳುವಾಗ ಸೆರಗು ಸೇರುವ ಗೆರೆಯನ್ನು ಹಿಂಬದಿಯಿಂದ ನೋಡಿ."

ಇದರಲ್ಲಿ ಯಾರ ಹೆಸರೂ ಇಲ್ಲ. ಅಗ್ಗದ ಸೀರೆಗೆ ಸಲ್ಲಬೇಕಾದ ಮಾತು ಸಂದಿದೆ. ಆ ಎರಡು ಸಾಲು ಬರೆಯಲು ಮನಸ್ಸು ಒಪ್ಪದು, ನಿಜ. ಆದರೆ ಮಷೀನಿನಲ್ಲಿ ಒಗೆಯಲೆಂದೇ ಸೀರೆ ಹುಡುಕುವವರು ನಿಮ್ಮದನ್ನು ಕೊಂಡು, ಬಣ್ಣ ಬಿಟ್ಟಿತೆಂದು ಹಿಂದಕ್ಕೆ ಕಳಿಸುವುದು ಇದರಿಂದ ತಪ್ಪುತ್ತದೆ. ಭಾರತದ ಜಾಹೀರಾತು ಮಾನದಂಡ ಪರಿಷತ್ತಿನ ಸಂಹಿತೆಯೂ ಹೋಲಿಕೆ ಬೇಡವೆನ್ನುವುದಿಲ್ಲ. ಹೋಲಿಕೆ ನಿಜವಾಗಿರಬೇಕು, ಆಧಾರ ಇರಬೇಕು, ಬೇರೆಯವರ ಸರಕನ್ನು ಅನ್ಯಾಯವಾಗಿ ಹಳಿಯಬಾರದು, ಅಷ್ಟೆ. ಹೆಸರು ಬಿಟ್ಟು ಇನ್ನೊಬ್ಬರ ಸೀರೆಯ ಫೋಟೋ ಹಾಕಿ ಅಡ್ಡಗೆರೆ ಎಳೆಯುವುದೂ ಹಳಿದಂತೆಯೇ. ನಾಲ್ಕೇ ಅಂಗಡಿಗಳಿರುವ ಬೀದಿಯಲ್ಲಿ "ಕೆಲವರು" ಎಂದರೂ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಕಡೆಗೊಂದು ಎಚ್ಚರ. ನೂಲಿನ ಬೆಲೆ ಏರಿದಾಗ ಅಂಚಿನ ನೂಲು ಬದಲಾಗುವುದುಂಟು. ಆದ್ದರಿಂದ ಹೊಸ ಕಂತು ಬಂದಾಗಲೆಲ್ಲ ಒಡಲು, ಅಂಚು, ಸೆರಗು ಮೂರಕ್ಕೂ ಯಾವ ನೂಲು ಎಂದು ನೇಕಾರರನ್ನು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಹಳೆಯ ವಿವರಣೆಯನ್ನೇ ಹೊಸ ಸೀರೆಗೆ ಅಂಟಿಸುವುದು ಅದನ್ನು ಓದಿದ ಮೇಲೆ.