ಬಿಲ್ಲಿನ ಶೀಟು ಇರಲಿ, ಬಿಲ್ಲಿನ ನಂಬರು ನಮ್ಮ ಕೈಯಲ್ಲಿರಲಿ



ಈಗೀಗ ನಮ್ಮಲ್ಲಿ ಹಲವರು ಕೇಟರಿಂಗ್ ಆರ್ಡರಿಗೂ ಅಂಗಡಿಗಳಿಗೆ ಕೊಡುವ ತಿಂಡಿ ಪೊಟ್ಟಣಗಳಿಗೂ ಎಕ್ಸೆಲ್ ಶೀಟಿನಲ್ಲೇ ಟ್ಯಾಕ್ಸ್ ಇನ್‌ವಾಯ್ಸ್ ಮಾಡುತ್ತಿದ್ದಾರೆ. ಗಲ್ಲಾದ ಬಿಲ್ಲಿಂಗ್ ಮೆಷಿನ್ ದಿನದ ಗಿರಾಕಿಗೆ ಸರಿ. ಆದರೆ ಕಂಪೆನಿಯವರ ಹೆಸರು, ವಿಳಾಸ, ಜಿಎಸ್‌ಟಿ ನಂಬರು ಎಲ್ಲ ಹಾಕಿ ಕೊಡುವ ದೊಡ್ಡ ಬಿಲ್ಲಿಗೆ ಶೀಟು ಅನುಕೂಲ. ಐಟಂ ಹೆಸರನ್ನು ಪಟ್ಟಿಯಿಂದ ಆರಿಸಿದರೆ ದರವೂ ತೆರಿಗೆಯೂ ತಾನಾಗಿ ಬರುತ್ತದೆ, ಮೊತ್ತ ಅಕ್ಷರದಲ್ಲಿ ಬರುತ್ತದೆ, ಬಿಲ್ ನಂಬರು ಒಂದೊಂದೇ ಮುಂದೆ ಹೋಗುತ್ತದೆ. ಯಾರೋ ಮಾಡಿದ ಶೀಟು ಒಬ್ಬರಿಂದ ಒಬ್ಬರಿಗೆ ಪೆನ್‌ಡ್ರೈವಿನಲ್ಲಿ ಬರುತ್ತದೆ, ಮ್ಯಾನೇಜರ್ ಹುಡುಗ ಹೆಸರು ಬದಲಿಸಿ ಕೆಲಸ ಶುರು ಮಾಡುತ್ತಾನೆ.

ಇದನ್ನು ಬೇಡ ಎನ್ನಲು ನಾವು ಬರೆಯುತ್ತಿಲ್ಲ. ನಮ್ಮ ಅಭಿಪ್ರಾಯ ಇಷ್ಟೇ: ಶೀಟು ಬಿಲ್ಲನ್ನು ತಯಾರಿಸಲಿ, ಆದರೆ ಕೊಟ್ಟ ಬಿಲ್ಲನ್ನು ಮತ್ತೆ ಲೆಕ್ಕ ಹಾಕುವ ಅಧಿಕಾರ ಅದಕ್ಕೆ ಇರಬಾರದು. ಗಿರಾಕಿಯ ಕೈಗೆ ಹೋದ ಬಿಲ್ಲು ಅಲ್ಲಿಗೆ ಮುಗಿಯಿತು. ಅದರ ನಂಬರು, ತೆರಿಗೆ ದರ, ಮೊತ್ತ ಮುಂದೆ ಯಾವತ್ತೂ ಬದಲಾಗಬಾರದು.

ಬದಲಾಗುವುದು ಹೇಗೆ ಎಂದು ಒಂದು ಲೆಕ್ಕದಲ್ಲಿ ನೋಡೋಣ. ನಮ್ಮಂಥ ಒಂದು ಹೋಟೆಲಿನವರು 2025ರ ಆಗಸ್ಟಿನಲ್ಲಿ ಒಂದು ಜನರಲ್ ಸ್ಟೋರಿಗೆ ಲೇಬಲ್ ಹಚ್ಚಿದ 400 ಪೊಟ್ಟಣ ಮಿಕ್ಸ್ಚರ್ ಕೊಟ್ಟರು ಎನ್ನಿ. ಪೊಟ್ಟಣಕ್ಕೆ 100 ರೂಪಾಯಿಯಂತೆ 40,000. ಆಗ ಅದಕ್ಕೆ ತೆರಿಗೆ ಶೇಕಡಾ 12, ಅಂದರೆ ಸಿಜಿಎಸ್‌ಟಿ 2,400, ಎಸ್‌ಜಿಎಸ್‌ಟಿ 2,400. ಬಿಲ್ಲು 44,800 ರೂಪಾಯಿ. ಹಣ ಬಂತು, ಜಿಎಸ್‌ಟಿಆರ್-1ರಲ್ಲಿ ತೋರಿಸಿಯೂ ಆಯಿತು.

2025ರ ಸೆಪ್ಟೆಂಬರ್ 22ರಿಂದ ಇಂಥ ಕುರುಕಲು ತಿಂಡಿಯ ದರ 12ರಿಂದ 5ಕ್ಕೆ ಇಳಿಯಿತು. ಮ್ಯಾನೇಜರ್ ಐಟಂ ಪಟ್ಟಿಯಲ್ಲಿ ಮಿಕ್ಸ್ಚರ್ ಎದುರಿಗಿದ್ದ 12ನ್ನು ಅಳಿಸಿ 5 ಎಂದು ಹಾಕಿದ. ಹೊಸ ಬಿಲ್ಲಿಗೆ ಅದು ಸರಿಯೇ. ಆದರೆ ಹಳೆಯ ಬಿಲ್ಲುಗಳೂ ಅದೇ ಪಟ್ಟಿಯನ್ನು ನೋಡಿ ಲೆಕ್ಕ ಹಾಕುತ್ತವೆ. ಡಿಸೆಂಬರಿನಲ್ಲಿ ಸ್ಟೋರಿನವರು ತಮ್ಮ ಆಡಿಟರಿಗೆ ಬೇಕೆಂದು ಇನ್ನೊಂದು ಪ್ರತಿ ಕೇಳಿದರೆ, ಅದೇ ನಂಬರು, ಅದೇ ಆಗಸ್ಟ್ ತಾರೀಕು, ಆದರೆ ಮೊತ್ತ 42,000! ಕೆಳಗೆ ಅಕ್ಷರದಲ್ಲಿ ‘ನಲವತ್ತೆರಡು ಸಾವಿರ ಮಾತ್ರ’ ಎಂದು ವಿಧೇಯವಾಗಿ ಬರೆದಿರುತ್ತದೆ. ಅವರು 4,800 ರೂಪಾಯಿ ಕ್ರೆಡಿಟ್ ತೆಗೆದುಕೊಂಡಿದ್ದಾರೆ, ನಮ್ಮ ಫೈಲು 2,000 ಎನ್ನುತ್ತದೆ. ಬ್ಯಾಂಕಿಗೆ ಬಂದ ಹಣದಲ್ಲಿ 2,800 ಹೆಚ್ಚುವರಿ ಎಂದು ಕಾಣುತ್ತದೆ. ಯಾರೂ ಕಳ್ಳ ಲೆಕ್ಕ ಬರೆದಿಲ್ಲ, ಆದರೂ ಕಾಗದ ಎರಡು ಮಾತು ಆಡುತ್ತದೆ. ಅಧಿಕಾರಿಯ ಎದುರು ಇದನ್ನು ವಿವರಿಸುವುದು ಸುಲಭವಲ್ಲ.

ಇದಕ್ಕೆ ದಾರಿ ಎರಡು ಕೆಲಸ. ದರ ಬದಲಾದಾಗ ಪಟ್ಟಿಯ ಹಳೆಯ ಸಾಲನ್ನು ಮುಟ್ಟಬೇಡಿ. ಕೆಳಗೆ ಹೊಸ ಸಾಲು ಸೇರಿಸಿ, ಐಟಂ ಹೆಸರಿನಲ್ಲೇ ‘22-9-25ರಿಂದ’ ಎಂದು ಬರೆಯಿರಿ. ಎರಡನೆಯದು, ಬಿಲ್ಲು ಪ್ರಿಂಟ್ ಆದ ಕೂಡಲೇ ಅದನ್ನು ಪಿಡಿಎಫ್ ಮಾಡಿ ಇಡಿ; ನಂಬರು, ತಾರೀಕು, ಗಿರಾಕಿಯ ಜಿಎಸ್‌ಟಿ ನಂಬರು, ದರ, ತೆರಿಗೆ, ಮೊತ್ತ ಇಷ್ಟನ್ನು ಬೇರೆ ರಿಜಿಸ್ಟರ್ ಶೀಟಿಗೆ Paste Special ಒತ್ತಿ Values ಆರಿಸಿ ಅಂಟಿಸಿ. ಆಗ ಅಲ್ಲಿ ಸೂತ್ರ ಇರುವುದಿಲ್ಲ, ಬರೀ ಅಂಕಿ ಇರುತ್ತದೆ. ಇನ್ನೊಂದು ಪ್ರತಿ ಕೇಳಿದವರಿಗೆ ಪಿಡಿಎಫ್ ಕೊಡಿ, ಶೀಟು ತೆರೆದು ಪ್ರಿಂಟ್ ಕೊಡಬೇಡಿ.

ದರ ತರುವ ಸೂತ್ರವನ್ನೂ ಒಮ್ಮೆ ನೋಡಿಕೊಳ್ಳಿ. ಅದು ಹೀಗಿರಬೇಕು:

```
=VLOOKUP(B12,List,3,FALSE)
```

ಕೊನೆಯ FALSE ಇಲ್ಲದಿದ್ದರೆ ಹೆಸರು ಅಕ್ಷರಶಃ ಹೊಂದದಿದ್ದರೂ ಶೀಟು ‘ಸುಮಾರಾಗಿ’ ಹುಡುಕಿ ಬೇರೆ ಐಟಂನ ದರವನ್ನು ತಂದು ಹಾಕಬಹುದು, ತಪ್ಪೆಂದು ಹೇಳುವುದೂ ಇಲ್ಲ. ಪರೀಕ್ಷೆ ಸುಲಭ: ಐಟಂ ಜಾಗದಲ್ಲಿ ಪಟ್ಟಿಯಲ್ಲಿಲ್ಲದ, ಅಕಾರಾದಿಯಲ್ಲಿ ಪಟ್ಟಿಯ ಎಲ್ಲ ಹೆಸರುಗಳ ನಂತರ ಬರುವ ಒಂದು ಹೆಸರನ್ನು ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿ. ಕೈಯಿಂದ ಟೈಪ್ ಮಾಡಿದರೆ ಡ್ರಾಪ್‌ಡೌನ್ ತಡೆಯಬಹುದು, ಅಂಟಿಸಿದರೆ ತಡೆಯುವುದಿಲ್ಲ. ಆಗ #N/A ಬಂದರೆ ಸೂತ್ರ ಸರಿಯಿದೆ. ಯಾವುದಾದರೂ ದರ ಬಂದರೆ ಆ ಶೀಟನ್ನು ನಂಬಬೇಡಿ.

ಇನ್ನು ನಂಬರಿನ ವಿಷಯ. ನಿಯಮ 46ರ ಪ್ರಕಾರ ಇನ್‌ವಾಯ್ಸ್ ನಂಬರು ಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಒಂದು ನಂಬರು ಒಮ್ಮೆಯೇ ಬರಬೇಕು. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಇಷ್ಟೇ ಬಳಸಬಹುದು. VM/25-26/0148 ಎಂದರೆ 13 ಆಯಿತು, ಸಾಕು. ಏಪ್ರಿಲ್ 1ಕ್ಕೆ ವರ್ಷ ಬದಲಿಸಿ 0001ರಿಂದ ಶುರು ಮಾಡಿದರೆ ಗೊಂದಲವಿಲ್ಲ.

ತೊಂದರೆ ಬರುವುದು ಸಾಲು ಎಣಿಸಿ ನಂಬರು ಕೊಡುವ ಶೀಟುಗಳಲ್ಲಿ. 0151ರ ಆರ್ಡರ್ ರದ್ದಾಯಿತೆಂದು ಹುಡುಗ ಆ ಸಾಲನ್ನೇ ಅಳಿಸಿದರೆ ಕೆಳಗಿನ 0152 ಮೇಲೆ ಬಂದು 0151 ಆಗುತ್ತದೆ. ಗಿರಾಕಿಯ ಕೈಯಲ್ಲಿ 0152, ನಮ್ಮಲ್ಲಿ 0151. ಇನ್ನೊಂದು, ಗಲ್ಲಾದ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಮಾಲೀಕರ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ ಇದ್ದರೆ ಎರಡೂ ಒಂದೇ ನಂಬರು ಕೊಡುತ್ತವೆ. ಅದಕ್ಕೇ ನಾವು ಹೇಳುವುದು, ನಂಬರನ್ನು ರಿಜಿಸ್ಟರ್ ನೋಡಿ ಕೈಯಿಂದ ಹಾಕಿ. ಎರಡು ಜಾಗದಲ್ಲಿ ಬಿಲ್ಲು ಆಗಲೇಬೇಕೆಂದರೆ ಎರಡು ಸರಣಿ ಇಡಿ, ಅದಕ್ಕೆ ನಿಯಮದಲ್ಲೇ ಅವಕಾಶವಿದೆ. ರದ್ದಾದ ಬಿಲ್ಲಿನ ಸಾಲು ರಿಜಿಸ್ಟರಿನಲ್ಲಿ ‘ರದ್ದು’ ಎಂದು ಉಳಿಯಲಿ. ಜಿಎಸ್‌ಟಿಆರ್-1ರ 13ನೇ ಪಟ್ಟಿಯಲ್ಲಿ ಯಾವ ನಂಬರಿನಿಂದ ಯಾವ ನಂಬರಿನವರೆಗೆ, ಎಷ್ಟು ರದ್ದು ಎಂದು ಕೇಳುತ್ತಾರೆ; ಈ ಸಾಲುಗಳೇ ಅಲ್ಲಿ ಉತ್ತರ.

ಅಕ್ಷರದಲ್ಲಿ ಮೊತ್ತ ಬರುವುದನ್ನು ಕಂಡು ಶೀಟನ್ನು ಮೆಚ್ಚುವವರು ಹೆಚ್ಚು. ನಿಜ ಹೇಳಬೇಕೆಂದರೆ ನಿಯಮ 46 ಅದನ್ನು ಕೇಳುವುದೇ ಇಲ್ಲ, ಅದು ನಮ್ಮ ಹಳೆಯ ಪದ್ಧತಿ. ಎಕ್ಸೆಲಿನಲ್ಲಿ ರೂಪಾಯಿಯನ್ನು ಅಕ್ಷರದಲ್ಲಿ ಬರೆಯುವ ಸೂತ್ರ ಮೊದಲೇ ಇರುವುದಿಲ್ಲ, ಯಾರೋ ಮ್ಯಾಕ್ರೋ ಸೇರಿಸಿರುತ್ತಾರೆ. ಅದು ಹೊರದೇಶದ್ದಾದರೆ 1,50,000ಕ್ಕೆ ಒಂದೂವರೆ ಲಕ್ಷ ಎನ್ನದೆ ‘ನೂರ ಐವತ್ತು ಸಾವಿರ’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತದೆ. ಮೇಲಿನ ಅಂಕಿ ತಪ್ಪಿದ್ದರೆ ಕೆಳಗಿನ ಅಕ್ಷರವೂ ಅದೇ ತಪ್ಪನ್ನು ಹೇಳುತ್ತದೆ. ಹಿಂದೆ ನಮ್ಮ ರೈಟರು ಕೈಯಿಂದ ಬರೆಯುವಾಗ ಮೊತ್ತವನ್ನು ಇನ್ನೊಮ್ಮೆ ಓದುತ್ತಿದ್ದರು, ಲಾಭ ಇದ್ದದ್ದು ಆ ಓದಿನಲ್ಲಿ.

ಕೊನೆಗೆ, ಈ ಶೀಟು ಎಲ್ಲರಿಗೂ ಅಲ್ಲ. ಕಾಂಪೊಸಿಷನ್‌ನಲ್ಲಿ ಇರುವವರು ತೆರಿಗೆ ಸೇರಿಸಿ ಟ್ಯಾಕ್ಸ್ ಇನ್‌ವಾಯ್ಸ್ ಕೊಡುವಂತೆಯೇ ಇಲ್ಲ, ಅವರದು ಬಿಲ್ ಆಫ್ ಸಪ್ಲೈ. 2017-18ರಿಂದ ಈಚೆಗೆ ಯಾವುದಾದರೂ ವರ್ಷ ವಹಿವಾಟು 5 ಕೋಟಿ ದಾಟಿದವರು ಜಿಎಸ್‌ಟಿ ನಂಬರಿರುವ ಗಿರಾಕಿಗೆ ಇ-ಇನ್‌ವಾಯ್ಸ್ ಕೊಡಬೇಕು, ಬರೀ ಶೀಟು ಅಲ್ಲಿ ನಡೆಯುವುದಿಲ್ಲ. ಉಳಿದವರು, ತಿಂಗಳಿಗೆ ಮೂವತ್ತು ನಲವತ್ತು ದೊಡ್ಡ ಬಿಲ್ಲು ಮಾಡುವವರು, ಸಾಫ್ಟ್‌ವೇರಿಗೆ ದುಡ್ಡು ಹಾಕದೆ ಶೀಟಿನಲ್ಲೇ ನಡೆಸಬಹುದು. ಈ ವಾರ ಒಂದು ಕೆಲಸ ಮಾಡಿ: ಸೆಪ್ಟೆಂಬರ್ 22ಕ್ಕಿಂತ ಹಿಂದಿನ ಒಂದು ಬಿಲ್ಲನ್ನು ಶೀಟಿನಲ್ಲಿ ತೆರೆದು, ಫೈಲಿನಲ್ಲಿರುವ ಕಾಗದದ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಮೊತ್ತ ಹೇಳಿದರೆ ಆ ಬಿಲ್ಲು ಸರಿಯಿದೆ, ಬೇರೆ ಐಟಂನ ಇನ್ನೂ ಎರಡು ನೋಡಿ. ಬೇರೆ ಹೇಳಿದರೆ ಹೊಸ ಬಿಲ್ಲು ಮಾಡುವ ಮೊದಲು, ಕಾಗದ ನೋಡಿ ರಿಜಿಸ್ಟರ್ ಬರೆಸಿ.