4.10 ಎಂದರೆ ಎಷ್ಟು ವರ್ಷ?

ಧಾರವಾಡದಿಂದ ಪುಣೆಗೆ ಬಂದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರುವ ಒಬ್ಬ ತರುಣಿಗೆ, ಸಂದರ್ಶನದ ಎರಡು ದಿನ ಮೊದಲು ರಿಕ್ರೂಟರ್ ಒಂದು ಮೇಲ್ ಫಾರ್ವರ್ಡ್ ಮಾಡಿದ. ಮೇಲೆ ಸಂದರ್ಶನದ ಲಿಂಕ್ ಇತ್ತು. ಕೆಳಗೆ, ಅಳಿಸಲು ಮರೆತಂತೆ, ಅವನು ಕ್ಲೈಂಟ್ ಕಂಪನಿಗೆ ಕಳಿಸಿದ್ದ ಅವಳ ವಿವರದ ಸಾಲೂ ಇತ್ತು: ಒಟ್ಟು ಅನುಭವ 4.1, ಆಟೊಮೇಶನ್ ಅನುಭವ 4, ನೋಟಿಸ್ ಅವಧಿ 30 ದಿನ. ಅವಳು ಅವನಿಗೆ ಕೊಟ್ಟಿದ್ದು 4.10, 2 ಮತ್ತು 90.

ಮೊದಲ ತಪ್ಪಿನಲ್ಲಿ ಯಾರ ದುರುದ್ದೇಶವೂ ಇಲ್ಲ. ನಮ್ಮ ನೇಮಕಾತಿ ವಲಯದಲ್ಲಿ 4.10 ಎಂದರೆ ನಾಲ್ಕು ವರ್ಷ ಹತ್ತು ತಿಂಗಳು. ಎಕ್ಸೆಲ್‌ಗೆ ಅದು ಬರೀ ದಶಮಾಂಶ ಸಂಖ್ಯೆ. ಕೊನೆಯ ಸೊನ್ನೆಯನ್ನು ನುಂಗಿ 4.1 ಎಂದು ತೋರಿಸುತ್ತದೆ. ಓದುವವರಿಗೆ ಅದು ನಾಲ್ಕು ವರ್ಷ ಒಂದು ತಿಂಗಳು. ಒಂಬತ್ತು ತಿಂಗಳು ಮಾಯ. ಉಳಿದೆರಡು ತಪ್ಪುಗಳು ಹಾಗಲ್ಲ. ಕ್ಲೈಂಟ್ ಕೇಳಿದ್ದು ನಾಲ್ಕು ವರ್ಷದ ಆಟೊಮೇಶನ್, ಒಂದು ತಿಂಗಳೊಳಗೆ ಸೇರುವವರು. ಸಾಲು ಆ ಬೇಡಿಕೆಗೆ ತಕ್ಕಂತೆ ತಿದ್ದಿಕೊಂಡಿತ್ತು.

ಫೋನ್ ಮಾಡಿದಾಗ ರಿಕ್ರೂಟರ್ ಹೇಳಿದ್ದು ಎಲ್ಲರೂ ಕೇಳಿರುವ ಮಾತೇ: ಅದೆಲ್ಲ ಮಾಮೂಲಿ, ಮೊದಲು ಸಂದರ್ಶನ ಮುಗಿಸಿ, ನೋಟಿಸ್ ವಿಷಯ ಆಮೇಲೆ ನೋಡೋಣ. ಅವನ ದೃಷ್ಟಿಯಲ್ಲಿ ಇದು ಸುಳ್ಳೂ ಅಲ್ಲ. ದಿನಕ್ಕೆ ಇಷ್ಟು ಪ್ರೊಫೈಲ್ ಕಳಿಸಬೇಕು, ಅದರಲ್ಲಿ ಇಷ್ಟು ಸಂದರ್ಶನದವರೆಗೆ ಹೋಗಬೇಕು ಎಂಬುದೇ ಅವನ ಲೆಕ್ಕ. ಒಂದು ಪ್ರೊಫೈಲ್ ಬಿದ್ದುಹೋದರೆ ಇನ್ನೊಂದನ್ನು ಕಳಿಸುತ್ತಾನೆ. ಅಭ್ಯರ್ಥಿಗೆ ಇರುವುದು ಒಂದೇ ಪ್ರೊಫೈಲ್.

ಆಫರ್ ಬಂದ ಮೇಲೆ ಅವಳು ಹಿನ್ನೆಲೆ ಪರಿಶೀಲನೆಯ ಫಾರ್ಮನ್ನು ಸ್ವತಃ ತುಂಬಿ ಸಹಿ ಹಾಕಬೇಕು. ಸೇರಿದ ದಿನಾಂಕ, ಬಿಟ್ಟ ದಿನಾಂಕಗಳನ್ನು ಪಿಎಫ್ ದಾಖಲೆ ಹೇಳುತ್ತದೆ. ಸಂಬಳವನ್ನು ಪೇ ಸ್ಲಿಪ್ ಮತ್ತು ಫಾರ್ಮ್ 16 ಹೇಳುತ್ತವೆ. ಆಗ ಎರಡು ವಿವರಗಳು ಎದುರುಬದುರಾಗುತ್ತವೆ, ಒಂದರ ಕೆಳಗೆ ಅವಳ ಸಹಿ ಇರುತ್ತದೆ. ಅಷ್ಟರಲ್ಲಿ ಅವಳು ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿರಬಹುದು. ತಪ್ಪು ಬರೆದದ್ದು ಏಜೆನ್ಸಿ ಎಂದು ತೋರಿಸಲು ಕೈಯಲ್ಲಿ ಏನಿರುತ್ತದೆ? ಫೋನಿನಲ್ಲಿ ಆಡಿದ ಮಾತಂತೂ ಇರುವುದಿಲ್ಲ.

ಆದ್ದರಿಂದ ತಿದ್ದುಪಡಿಯನ್ನು ಬರವಣಿಗೆಯಲ್ಲೇ ಕೇಳಬೇಕು, ಸಂದರ್ಶನಕ್ಕೆ ಮೊದಲೇ ಕೇಳಬೇಕು. ಅವಳು ಅದೇ ಮೇಲ್‌ಗೆ ಉತ್ತರವಾಗಿ ಬರೆದದ್ದರ ಸಾರ ಇಷ್ಟು:

“ಕ್ಲೈಂಟ್‌ಗೆ ಹೋಗಿರುವ ನನ್ನ ವಿವರದಲ್ಲಿ ಮೂರು ಅಂಶಗಳು ತಪ್ಪಾಗಿ ದಾಖಲಾಗಿವೆ. ಒಟ್ಟು ಅನುಭವ 4.1 ಎಂದಿದೆ, ಅದು 4 ವರ್ಷ 10 ತಿಂಗಳು. ಆಟೊಮೇಶನ್ 4 ವರ್ಷ ಎಂದಿದೆ, ಅದು 2 ವರ್ಷ. ನೋಟಿಸ್ 30 ದಿನ ಎಂದಿದೆ, ಅದು 90 ದಿನ. ನನ್ನ ಸಿವಿ ಮತ್ತೆ ಲಗತ್ತಿಸಿದ್ದೇನೆ. ದಯವಿಟ್ಟು ಇದನ್ನು ಕ್ಲೈಂಟ್‌ಗೆ ತಿಳಿಸಿ, ತಿಳಿಸಿದ ಮೇಲ್‌ನ ಪ್ರತಿಯನ್ನು ನನಗೆ ಕಳಿಸಿ.”

ಈ ಮೇಲ್‌ನಲ್ಲಿ ‘ನೀವು ತಪ್ಪು ಬರೆದಿರಿ’ ಎಂಬ ಮಾತಿಲ್ಲ. ‘ದಾಖಲಾಗಿವೆ’ ಎಂಬ ಕ್ರಿಯಾಪದ ರಿಕ್ರೂಟರ್‌ಗೆ ಮುಖ ಉಳಿಸಿಕೊಳ್ಳಲು ಜಾಗ ಕೊಡುತ್ತದೆ. ಆದರೆ ‘ಒಮ್ಮೆ ನೋಡ್ತೀರಾ’ ಎಂಬ ನಮ್ಮ ಸಂಕೋಚದ ಮಾತೂ ಇಲ್ಲ. ಹಾಗೆ ಕೇಳಿದರೆ ‘ನೋಡಿದೆ’ ಎಂದರೆ ಮುಗಿಯಿತು. ತಪ್ಪು ಮತ್ತು ಸರಿ ಅಕ್ಕಪಕ್ಕ ಇರುವುದರಿಂದ ಅವನು ಹಾಗೆಯೇ ಮುಂದಕ್ಕೆ ಕಳಿಸಬಹುದು. ಅನುಭವವನ್ನು ಚುಕ್ಕಿಯಿಲ್ಲದೆ ವರ್ಷ, ತಿಂಗಳು ಎಂದೇ ಬಿಡಿಸಿ ಬರೆದದ್ದೂ ಲಾಭವೇ. ಕಂಪನಿಯ ಪೋರ್ಟಲ್‌ನಲ್ಲಿ ಒಮ್ಮೆ ಹಾಕಿದ್ದನ್ನು ಏಜೆನ್ಸಿಗೆ ಬದಲಿಸಲಾಗದೆ ಇರಬಹುದು. ಅದಕ್ಕೇ ಅವಳು ಕೇಳಿದ್ದು ಕ್ಲೈಂಟ್‌ಗೆ ತಿಳಿಸಿದ ಮೇಲ್‌ನ ಪ್ರತಿ.

ಸಿಟ್ಟಿನಲ್ಲಿ ಇನ್ನೊಂದು ಏಜೆನ್ಸಿಯ ಮೂಲಕ ಸರಿಯಾದ ಸಿವಿ ಕಳಿಸುವವರೂ ಇದ್ದಾರೆ. ಅದು ಸಮಸ್ಯೆಯನ್ನು ಹೆಚ್ಚಿಸುತ್ತದೆ. ಫೋನ್ ನಂಬರ್, ಇಮೇಲ್ ನೋಡಿ ಕಂಪನಿಯ ವ್ಯವಸ್ಥೆ ಎರಡನೆಯದನ್ನು ನಕಲಿ ಎಂದು ತಳ್ಳುತ್ತದೆ, ಮೊದಲ ತಪ್ಪು ಸಾಲೇ ಉಳಿಯುತ್ತದೆ. ರಿಕ್ರೂಟರ್ ಉತ್ತರಿಸದೇ ಹೋದರೆ ಅವನ ಮೇಲಧಿಕಾರಿಯನ್ನು ಸೇರಿಸಿ ಮತ್ತೆ ಬರೆಯಬೇಕು. ಅದೂ ಆಗದಿದ್ದರೆ ಸಂದರ್ಶನದ ಮೊದಲ ನಿಮಿಷದಲ್ಲೇ, ಯಾರನ್ನೂ ದೂರದೆ, ಸರಿಯಾದ ಸಂಖ್ಯೆಗಳನ್ನು ಹೇಳಿಬಿಡಬೇಕು.

ಇದಕ್ಕೆ ಬೆಲೆ ಇಲ್ಲವೆಂದಲ್ಲ. ತರುಣಿಯ ತಿದ್ದುಪಡಿ ಮರುದಿನ ಕ್ಲೈಂಟ್‌ಗೆ ತಲುಪಿತು, ಸಂಜೆಗೆ ಸಂದರ್ಶನ ರದ್ದಾಯಿತು. 90 ದಿನ ಕಾಯಲು ಅವರಿಗೆ ಆಗುತ್ತಿರಲಿಲ್ಲ. ಗೆಳತಿಯರು ಸುಮ್ಮನಿದ್ದಿದ್ದರೆ ಆಗುತ್ತಿತ್ತು ಎಂದರು. ಸುಮ್ಮನಿದ್ದಿದ್ದರೆ ಆ 90 ದಿನ ಆಫರ್ ಪತ್ರದ ನಂತರ ಎದುರಾಗುತ್ತಿತ್ತು, ಆಟೊಮೇಶನ್ ಪ್ರಶ್ನೆಗಳು ಸಂದರ್ಶನದಲ್ಲೇ ಎದುರಾಗುತ್ತಿದ್ದವು. ಈಗ ಅವಳು ಕಳೆದುಕೊಂಡದ್ದು ಒಂದು ಸಂದರ್ಶನ. ಹಳೆಯ ಕೆಲಸ ಕೈಯಲ್ಲಿದೆ, ಆ ಕಂಪನಿಯ ದಾಖಲೆಯಲ್ಲಿ ಅವಳ ಹೆಸರಿನ ಮುಂದೆ ಈಗ ಸರಿಯಾದ ಸಂಖ್ಯೆಗಳೇ ಇವೆ.