ಹೊಸ ಲ್ಯಾಪ್‌ಟಾಪ್ ಬೇಕೇ, ಒಂದು ಕೇಬಲ್ ಸಾಕೇ?

ಕಳೆದ ಸಂಚಿಕೆಯಲ್ಲಿ ಊರಿಗೆ ಹೋಗುವಾಗ ಔಷಧಿ ಕೊಂಡೊಯ್ಯುವ ಬಗ್ಗೆ ಬರೆದಿದ್ದೆವು. ಈ ಸಲದ ವಿಷಯ ಫಾರ್ಮಸಿಯದ್ದಲ್ಲ, ನಮ್ಮ ಮನೆಯದ್ದೇ.

ಒಂಬತ್ತನೇ ತರಗತಿಯ ಮಗನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕಿತ್ತು. ಶಾರ್ಜಾದ ಅಂಗಡಿಯಲ್ಲಿ ಕೇಳಿದರೆ 3,800 ದಿರ್ಹಮ್. ಆಗದು ಎಂದೆವು. ಎರಡು ದಿನ ಸುಮ್ಮನಿದ್ದವನು ಮೂರನೆಯ ದಿನ, "ಅಪ್ಪ, ಈ ಬೇಸಿಗೆಗೆ ನನಗೆ ಊರಿನ ಟಿಕೆಟ್ ಬೇಡ. ಆ ದುಡ್ಡು ಇದಕ್ಕೇ ಹಾಕಿ" ಎಂದ. ಕುಂದಾಪುರದಲ್ಲಿ ಅಜ್ಜಿ ಎರಡು ವರ್ಷದಿಂದ ದಾರಿ ಕಾಯುತ್ತಿದ್ದಾರೆ. ಆ ಮಾತು ನಮ್ಮಿಬ್ಬರಿಗೂ ಚುಚ್ಚಿತು.

ಆಗ ಅವನ ಗೆಳೆಯನೊಬ್ಬ ಕ್ಲೌಡ್ ಗೇಮಿಂಗ್ ವಿಷಯ ಹೇಳಿದ. ಆಟ ನಡೆಯುವುದು ಎಲ್ಲೋ ಇರುವ ದೊಡ್ಡ ಕಂಪ್ಯೂಟರಿನಲ್ಲಿ. ನಮ್ಮ ಮನೆಗೆ ಬರುವುದು ಅದರ ವಿಡಿಯೊ, ನಮ್ಮಿಂದ ಹೋಗುವುದು ಕೀ ಒತ್ತಿದ ಸುದ್ದಿ ಮಾತ್ರ. ಒಂದು ತಿಂಗಳಿಗೆ ಚಂದಾ ಕಟ್ಟಿದೆವು. ಮೊದಲ ಸಂಜೆಯೇ ಆಟ ನಿಂತು ನಿಂತು ಓಡಿತು, ಚಿತ್ರ ಮಸುಕಾಯಿತು. "ನೋಡಿ, ಲ್ಯಾಪ್‌ಟಾಪ್ ಹಳೆಯದು" ಎಂದ ಮಗ. ಇಂಟರ್‌ನೆಟ್ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ರೂಟರ್ ಪಕ್ಕ ಫೋನ್ ಹಿಡಿದು ನೋಡಿದರೆ ವೇಗ 180 ಎಂಬಿಪಿಎಸ್ ಇತ್ತಲ್ಲ! ಆದರೆ ಕಾರಣ ತಿಳಿಯದೆ ಔಷಧಿ ಬದಲಿಸುವುದು ನಮ್ಮ ಅಭ್ಯಾಸವಲ್ಲ. ಶುಕ್ರವಾರ ರಜೆಯ ದಿನ ಒಂದೊಂದನ್ನೇ ಬೇರೆ ಮಾಡಿ ನೋಡಿದೆವು.

ಮೊದಲು ಲ್ಯಾಪ್‌ಟಾಪ್. ನಮ್ಮದು 2015ರದು: ಇಂಟೆಲ್ ಐ3-5005ಯು ಪ್ರೊಸೆಸರ್, 4 ಜಿಬಿ ರ್‍ಯಾಮ್. ಜಿಫೋರ್ಸ್ ನೌ ಎಂಬ ಸೇವೆ ವಿಂಡೋಸ್‌ಗೆ ಕೇಳುವ ಕನಿಷ್ಠ ಅರ್ಹತೆ ಎರಡು ಕೋರ್, 2 ಗಿಗಾಹರ್ಟ್ಸ್, 4 ಜಿಬಿ. ಅಂಚಿನಲ್ಲೇ ಪಾಸು. ಕಾಗದದ ಮೇಲೆ ಪಾಸಾದರೆ ಸಾಲದು, ಕೆಲಸ ಮಾಡುತ್ತಿದೆಯೇ ಎಂದೂ ನೋಡಬೇಕು. ಇಲ್ಲಿ ಲ್ಯಾಪ್‌ಟಾಪ್ ಮಾಡಬೇಕಾದ ಮುಖ್ಯ ಕೆಲಸ ಒಂದೇ, ಬರುವ ವಿಡಿಯೊ ಬಿಡಿಸಿ ತೋರಿಸುವುದು. ಅದಕ್ಕೆ ಚಿಪ್‌ನಲ್ಲೇ ಪ್ರತ್ಯೇಕ ಭಾಗವಿದೆ. ಆಟ ನಡೆಯುವಾಗ ಟಾಸ್ಕ್ ಮ್ಯಾನೇಜರ್ ತೆರೆದು Performance, ಆಮೇಲೆ GPU ಒತ್ತಿದರೆ Video Decode ಎಂಬ ಗ್ರಾಫ್ ಕಾಣುತ್ತದೆ. ಅದು ಏರಿ CPU ಆರಾಮವಾಗಿದ್ದರೆ ಎಲ್ಲ ಸರಿ. ಅದು ಸೊನ್ನೆಯಲ್ಲಿ ಮಲಗಿ CPU ನೂರಕ್ಕೆ ಮುಟ್ಟಿದರೆ ಗ್ರಾಫಿಕ್ಸ್ ಡ್ರೈವರ್ ಸರಿಯಿಲ್ಲ ಎಂದು ಅನುಮಾನಿಸಬಹುದು. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಅದನ್ನು ಹಾಕಿ ನೋಡಬೇಕು. ನಮ್ಮಲ್ಲಿ ಗ್ರಾಫ್ ಏರಿತ್ತು, CPU ಅರ್ಧವೂ ತುಂಬಿರಲಿಲ್ಲ. ಅಂದರೆ ಲ್ಯಾಪ್‌ಟಾಪ್ ನಿರಪರಾಧಿ.

ಇನ್ನೊಂದು ಸಮಾಧಾನ ಪರದೆಯದು. ನಮ್ಮ ಪರದೆ 1366×768. ಅದಕ್ಕೆ 720ಪಿ ಚಿತ್ರ ಸಾಕು, 1080ಪಿ ತರಿಸಿದರೂ ಪೂರ್ತಿ ತೋರಿಸಲು ಜಾಗವಿಲ್ಲ. 720ಪಿಗೆ ಆ ಸೇವೆ ಕೇಳುವುದು 15 ಎಂಬಿಪಿಎಸ್, 1080ಪಿಗೆ 25. ನಮ್ಮ 180 ಎಲ್ಲಿ, 15 ಎಲ್ಲಿ!

ಹಾಗಾದರೆ ತಡೆ ಎಲ್ಲಿ? ವೇಗದ ಅಂಕಿ ಕೊಳವೆ ಎಷ್ಟು ಅಗಲ ಎಂದಷ್ಟೇ ಹೇಳುತ್ತದೆ. ಆಟಕ್ಕೆ ಬೇಕಾದದ್ದು ಸುದ್ದಿ ಎಷ್ಟು ಬೇಗ, ಎಷ್ಟು ಸಮನಾಗಿ ಹೋಗಿ ಬರುತ್ತದೆ ಎಂಬುದು. ಸಿನಿಮಾ ನೋಡುವಾಗ ಮುಂದಿನ ಭಾಗ ಮೊದಲೇ ಇಳಿದಿರುತ್ತದೆ, ನಡುವೆ ತಡವಾದರೂ ಗೊತ್ತಾಗದು. ಆಟದಲ್ಲಿ ಮುಂದಿನ ಚಿತ್ರ ನಾವು ಕೀ ಒತ್ತಿದ ಮೇಲೆಯೇ ಹುಟ್ಟುವುದು. ಇದನ್ನು ಅಳೆಯಲು ಲ್ಯಾಪ್‌ಟಾಪ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎರಡು ಸಾಲು ಸಾಕು:

```
netsh wlan show interfaces
ping -n 100 192.168.1.1
```

ಎರಡನೆಯ ಸಾಲಿನ ಅಂಕಿ ನಮ್ಮ ರೂಟರ್‌ನ ವಿಳಾಸ. ನಿಮ್ಮದು ಬೇರೆ ಇರಬಹುದು, `ipconfig` ಕೊಟ್ಟರೆ Default Gateway ಎದುರು ಕಾಣುತ್ತದೆ.

ಮೊದಲ ಸಾಲು Channel 6 ಎಂದು ತೋರಿಸಿತು. ಇಂಥ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಚಾನೆಲ್ 1ರಿಂದ 13ರೊಳಗೆ ಇದ್ದರೆ ಅದು 2.4 ಗಿಗಾಹರ್ಟ್ಸ್ ವೈಫೈ, 36 ಅಥವಾ ಮೇಲಿದ್ದರೆ 5 ಗಿಗಾಹರ್ಟ್ಸ್. ನಮ್ಮ ಕಟ್ಟಡದಲ್ಲಿ ಒಂದೊಂದು ಮಹಡಿಗೆ ಎಂಟು ಫ್ಲ್ಯಾಟ್, ಎಲ್ಲರ ರೂಟರೂ ಅದೇ 2.4ರಲ್ಲಿ ಕೂಗಾಡುತ್ತಿದೆ. ಮೈಕ್ರೋವೇವ್ ಓವನ್ ಕೂಡ ಅದೇ ತರಂಗ ಬಳಸುತ್ತದೆ. ಫೋನ್ 5 ಹಿಡಿದಿತ್ತು, ಅದಕ್ಕೇ 180. ಲ್ಯಾಪ್‌ಟಾಪ್‌ನ ಹಳೆಯ ಕಾರ್ಡಿಗೆ 5 ಗೊತ್ತೇ ಇಲ್ಲ.

ಎರಡನೆಯ ಸಾಲು ರೂಟರಿಗೆ ನೂರು ಸಲ ಸುದ್ದಿ ಕಳಿಸಿ, ಬರಲು ಎಷ್ಟು ಹೊತ್ತಾಯಿತು ಎಂದು ಬರೆಯುತ್ತದೆ. ಹೆಚ್ಚಿನವು 3–5 ಮಿಲಿಸೆಕೆಂಡ್. ಆದರೆ ಆಗಾಗ 200 ದಾಟಿತು, ನಾಲ್ಕು ಬರಲೇ ಇಲ್ಲ. ಸೆಕೆಂಡಿಗೆ 60 ಚಿತ್ರ ಬರುವ ಆಟದಲ್ಲಿ ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್. 200 ಎಂದರೆ ಹನ್ನೆರಡು ಚಿತ್ರ ತಡ. ಇನ್ನೂ ಮನೆಯ ಹೊರಗೇ ಹೋಗಿಲ್ಲ, ಬೆಡ್‌ರೂಮಿನಿಂದ ಹಾಲ್‌ಗೆ ಹೋಗುವಷ್ಟರಲ್ಲಿ ಇಷ್ಟು!

ಹಳೆಯ ಲ್ಯಾಪ್‌ಟಾಪ್‌ನ ಒಂದು ಲಾಭವೆಂದರೆ ಪಕ್ಕದಲ್ಲಿ ಲ್ಯಾನ್ ಕೇಬಲ್ ಚುಚ್ಚುವ ತೂತು ಇರುತ್ತದೆ. 20 ದಿರ್ಹಮ್ ಕೊಟ್ಟು 15 ಮೀಟರ್ ಕೇಬಲ್ ತಂದು ಗೋಡೆಯ ಬುಡದಲ್ಲೇ ಎಳೆದೆವು. ಮತ್ತೆ ಅದೇ ಪರೀಕ್ಷೆ: ನೂರಕ್ಕೆ ನೂರೂ 1 ಮಿಲಿಸೆಕೆಂಡ್ ಒಳಗೆ.

ಉಳಿದದ್ದು ಸರ್ವರ್‌ನ ದೂರ. ಫೈಬರ್‌ನಲ್ಲಿ ಬೆಳಕು ಹೋಗಿ ಬರಲು ಪ್ರತಿ 100 ಕಿಲೋಮೀಟರಿಗೆ ಸುಮಾರು 1 ಮಿಲಿಸೆಕೆಂಡ್ ಬೇಕು. ದುಬೈಯಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ನೇರ ಗೆರೆಯಲ್ಲೇ ಸುಮಾರು 4,800 ಕಿಲೋಮೀಟರ್, ಅಂದರೆ 48 ಮಿಲಿಸೆಕೆಂಡ್. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ವಾಸ್ತವದಲ್ಲಿ ಅದರ ಎರಡರಷ್ಟಾದರೂ ಆಶ್ಚರ್ಯವಿಲ್ಲ. ಜಿಫೋರ್ಸ್ ನೌ ಕೇಳುವುದು 80ಕ್ಕಿಂತ ಕಡಿಮೆ, 40ರ ಒಳಗಿದ್ದರೆ ಉತ್ತಮ. ಈ ದೂರವನ್ನು ಯಾವ ಕೇಬಲ್, ಯಾವ ಲ್ಯಾಪ್‌ಟಾಪ್ ಕೂಡ ಕಡಿಮೆ ಮಾಡದು. ಆದ್ದರಿಂದ ದುಡ್ಡು ಕಟ್ಟುವ ಮೊದಲು ಸೇವೆ ನಿಮ್ಮ ದೇಶದಲ್ಲಿ ಇದೆಯೇ, ಹತ್ತಿರದ ಸರ್ವರ್ ಎಲ್ಲಿದೆ ಎಂದು ಕೇಳಿ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಆಯ್ಕೆ ಇದ್ದರೆ ಅದನ್ನೂ ನೋಡಿ. ನಮಗೆ ಹತ್ತಿರದ್ದು 31 ಮಿಲಿಸೆಕೆಂಡ್ ತೋರಿಸಿತು.

ಪರೀಕ್ಷೆಯನ್ನು ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ ಮಾಡಿ. ಒಂದೇ ರೂಟರ್‌ನಲ್ಲಿ ಆರು ಜನ ಇರುವ ರೂಮುಗಳಲ್ಲಿ ಎಲ್ಲರೂ ಊರಿಗೆ ವಿಡಿಯೊ ಕಾಲ್ ಮಾಡುವ ಹೊತ್ತು ಅದು. ಬೆಳಿಗ್ಗೆಯ ಅಂಕಿ ನಂಬಿ ಚಂದಾ ಕಟ್ಟಿದರೆ ಮೋಸ ಹೋಗುತ್ತೀರಿ.

ಮೊಬೈಲ್ ಡೇಟಾದಲ್ಲಿ ಆಡುವವರಿಗೆ ಇನ್ನೊಂದು ಲೆಕ್ಕ. 15 ಎಂಬಿಪಿಎಸ್ ಪೂರ್ತಿ ಬಳಕೆಯಾದರೆ ಗಂಟೆಗೆ ಸುಮಾರು 6.75 ಜಿಬಿ. 100 ಜಿಬಿ ಪ್ಯಾಕೇಜ್ ಹದಿನೈದು ಗಂಟೆಗೆ ಮುಗಿಯುತ್ತದೆ.

ನಮ್ಮಲ್ಲಿ ಈಗ ಆಟ ಸರಾಗ. ಸೆಕೆಂಡಿನ ಭಾಗದಲ್ಲಿ ಗುಂಡು ಹೊಡೆಯುವ ಆಟಗಳಲ್ಲಿ ಸ್ವಲ್ಪ ತಡ ಗೊತ್ತಾಗುತ್ತದೆ ಎನ್ನುತ್ತಾನೆ ಮಗ. ಫುಟ್‌ಬಾಲ್, ಕಾರ್ ರೇಸ್‌ಗೆ ಏನೂ ಅಡ್ಡಿಯಿಲ್ಲ. ಒಂದು ಎಚ್ಚರಿಕೆ: ಈ ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಹಾಗಾಗಿ ಬ್ಯಾಂಕ್ ಕೆಲಸ, ಊರಿಗೆ ಹಣ ಕಳಿಸುವುದು ಎಲ್ಲ ಅದರಲ್ಲಿ ಬಂದ್. ಅದೀಗ ಆಟಕ್ಕೆ ಮಾತ್ರ.

ಟಿಕೆಟ್ ಮೂರೂ ಬುಕ್ ಆಗಿವೆ. ಅಜ್ಜಿಗೆ ಫೋನ್ ಮಾಡಿ ಹೇಳಿದ್ದು ಮಗನೇ.